ಮಗಳಿಗೆ ಪಯಸ್ವಿನಿಯೋ, ತೇಜಸ್ವಿನಿಯೋ, ಪದ್ಮಿನಿಯೋ? ನಿಜವಾದ ಅರ್ಥ ಗೊತ್ತಿರುವವರು ಹೇಳಿ

ಸುಮಾ, ಮುಳ್ಳೇರಿಯ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಹೆಸರಿಡುವ ದಿನ ಹತ್ತಿರ ಬಂತು. ಮನೆಯಲ್ಲಿ ಮೂರು ಪಕ್ಷ ಆಗಿದೆ. ಅತ್ತೆಗೆ ನಮ್ಮ ಹೊಳೆಯ ಹೆಸರು ಬೇಕು, ಪಯಸ್ವಿನಿ. ಇವರಿಗೆ ಬೆಳಕಿನ ಅರ್ಥ ಬರುವ ಹೆಸರೇ ಆಗಬೇಕು, ತೇಜಸ್ವಿನಿ ಅಂತ ಹಟ. ನನ್ನ ಅಮ್ಮನಿಗೆ ಹೂವಿನ ಹೆಸರು, ಪದ್ಮಿನಿ.

ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ಪಯಸ್ವಿನಿ ಎಂದರೆ ನದಿ, ಇನ್ನೊಂದು ಕಡೆ ದೇವಿ, ಮತ್ತೊಂದು ಕಡೆ ಹಸು ಅಂತ ಇದೆ. ಪದ್ಮಿನಿಗೆ ಎಲ್ಲ ಕಡೆ ಕಮಲ ಅಂತಲೇ ಇದೆ. ಹಾಗಾದರೆ ಪದ್ಮಾ ಎಂದರೇನು? ಮೂರು ಹೆಸರೂ ಒಂದೇ ರೀತಿ ಮುಗಿಯುವುದು ಸುಮ್ನೆ ಕಾಕತಾಳೀಯವಾ? ಸಂಸ್ಕೃತ ಬಲ್ಲವರು ದಯವಿಟ್ಟು ಹೇಳಿ.

ಗಣೇಶ, ಕುಂಬಳೆ
ಅಕ್ಕಾ, ಮೊದಲು ನಕ್ಷತ್ರ ಯಾವುದು, ಪಾದ ಯಾವುದು ಹೇಳಿ. ಅಕ್ಷರ ಗೊತ್ತಾದರೆ ಅರ್ಧ ತಲೆನೋವು ಮುಗಿಯಿತು. ನಮ್ಮ ಜೋಯಿಸರು ಅಕ್ಷರ ಬಿಟ್ಟು ಹೆಸರಿಡಲು ಬಿಡುವುದೇ ಇಲ್ಲ.

ಸುಮಾ, ಮುಳ್ಳೇರಿಯ
ಗಣೇಶಣ್ಣ, ನಕ್ಷತ್ರದ ಹೆಸರು ಬೇರೆಯೇ ಇಡುತ್ತೇವೆ, ಅದು ತೀರ್ಮಾನ ಆಗಿದೆ. ಇದು ಕರೆಯುವ ಹೆಸರು, ಶಾಲೆಯ ಹೆಸರು. ನನಗೆ ಬೇಕಾದ್ದು ಅರ್ಥ.

ಪ್ರಸಾದ್, ನೀರ್ಚಾಲು
ಕಾಕತಾಳೀಯ ಅಲ್ಲ. ಕೊನೆಯಲ್ಲಿ "ಇನಿ" ಬಂದರೆ "ಉಳ್ಳವಳು" ಎಂದರ್ಥ. ತೇಜಸ್ಸು ಉಳ್ಳವಳು ತೇಜಸ್ವಿನಿ. ಪದ್ಮ ಉಳ್ಳವಳು ಪದ್ಮಿನಿ. ಪಯಸ್ಸು ಉಳ್ಳವಳು ಪಯಸ್ವಿನಿ. ಎಲ್ಲ "ಇನಿ" ಹೆಸರುಗಳಿಗೂ ಇದೇ ಸೂತ್ರ. ಮೋಹಿನಿ, ನಂದಿನಿ, ವಾಹಿನಿ ಎಲ್ಲವೂ ಅಷ್ಟೇ.

ಮಾಷ್ಟ್ರು, ಅಡೂರು
ಪ್ರಸಾದ್ ಹೇಳಿದ ಮೊದಲ ಮೂರು ಸರಿ. ಕೊನೆಯ ಮೂರು ಸರಿಯಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಬಹಳ ಕಾಲ ಸಂಸ್ಕೃತ ಕಲಿಸಿದವನು. ಪಯಸ್ವಿನಿ ನಮ್ಮ ಊರ ದೇವಸ್ಥಾನದ ಪಕ್ಕದಲ್ಲೇ ಹರಿಯುವ ಹೊಳೆ. ಹಾಗಾಗಿ ಈ ಹೆಸರಿನ ಮೇಲೆ ನನಗೆ ಮಮತೆ ಜಾಸ್ತಿ.

ಪಯಸ್ ಎಂದರೆ ಹಾಲು, ನೀರು ಎರಡೂ. ನಾವು ಉಣ್ಣುವ ಪಾಯಸ ಹುಟ್ಟಿದ್ದು ಈ ಪಯಸ್ಸಿನಿಂದಲೇ, ಹಾಲಿನಲ್ಲಿ ಮಾಡಿದ್ದು ಪಾಯಸ. ಇದಕ್ಕೆ "ವಿನ್" ಸೇರಿದರೆ ಪಯಸ್ವಿನ್. ಹೆಣ್ಣಿಗೆ ಹೇಳುವಾಗ ಕೊನೆಗೆ ಈಕಾರ ಬಂದು ಪಯಸ್ವಿನೀ. ಕನ್ನಡದಲ್ಲಿ ನಾವು ಅದನ್ನು ಮೊಟಕು ಮಾಡಿ ಪಯಸ್ವಿನಿ ಎನ್ನುತ್ತೇವೆ. ಹಾಲು ತುಂಬಿದವಳು, ನೀರು ತುಂಬಿದವಳು ಎಂದು ಅರ್ಥ. ಹಾಲು ಕೊಡುವ ಹಸುವನ್ನೂ ಸಂಸ್ಕೃತದಲ್ಲಿ ಹೀಗೇ ಕರೆಯುತ್ತಾರೆ, ತುಂಬಿ ಹರಿಯುವ ಹೊಳೆಯನ್ನೂ ಕರೆಯುತ್ತಾರೆ. ನೀವು ನೋಡಿದ ಜಾಲತಾಣಗಳು ಒಂದೊಂದು ತುಂಡು ಮಾತ್ರ ಹಿಡಿದುಕೊಂಡಿವೆ.

ಇನ್ನು ತೇಜಸ್ವಿನಿ. ಇದಕ್ಕೂ ಅದೇ ವಿನ್. ಪಾಣಿನಿ ಇದಕ್ಕೆ ಒಂದು ಪುಟ್ಟ ಸೂತ್ರವನ್ನೇ ಮಾಡಿದ್ದಾನೆ. "ಅಸ್" ಎಂದು ಕೊನೆಯಾಗುವ ಪದಗಳಿಗೆ, ಜತೆಗೆ ಮಾಯಾ, ಮೇಧಾ, ಸ್ರಜ್ ಎಂಬ ಮೂರು ಪದಗಳಿಗೆ, ವಿನ್ ಬರುತ್ತದೆ ಎನ್ನುತ್ತಾನೆ. ಪಯಸ್, ತೇಜಸ್, ಯಶಸ್, ಓಜಸ್ ಎಲ್ಲವೂ ಆ ಗುಂಪಿನವು. ಮೇಧಾವಿನಿ ಎಂಬ ಹೆಸರು ಬಂದದ್ದೂ ಹೀಗೆಯೇ. ಪದ್ಮ ಎಂಬುದು ಅಕಾರದಲ್ಲಿ ಮುಗಿಯುವ ಪದ. ಅದಕ್ಕೆ ವಿನ್ ಬರುವುದಿಲ್ಲ, ಬರೀ "ಇನ್" ಬರುತ್ತದೆ. ಅದಕ್ಕೇ ಪದ್ಮಿನಿ, ಪದ್ಮಸ್ವಿನಿ ಅಲ್ಲ.

ನಂದಿನಿ, ವಾಹಿನಿ ಬೇರೆ ಜಾತಿ. ಅಲ್ಲಿ ಹಿಂದೆ ಇರುವುದು ವಸ್ತುವಿನ ಹೆಸರಲ್ಲ, ಕೆಲಸ. ನಂದ್ ಎಂದರೆ ಸಂತೋಷಪಡು, ವಹ್ ಎಂದರೆ ಹೊತ್ತು ಸಾಗು. ನಮ್ಮ ಮಧೂರಿನ ಮಧುವಾಹಿನಿ ಹೊಳೆ ಜೇನನ್ನು "ಉಳ್ಳವಳು" ಅಲ್ಲ, ಜೇನನ್ನು "ಹೊತ್ತು ಸಾಗುವವಳು".

ಪ್ರಸಾದ್, ನೀರ್ಚಾಲು
ಮಾಷ್ಟ್ರೇ, ಸಂತೋಷ ಉಳ್ಳವಳು ನಂದಿನಿ ಅಂದರೆ ತಪ್ಪೇನು? ಅರ್ಥದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲವಲ್ಲ.

ಮಾಷ್ಟ್ರು, ಅಡೂರು
ವ್ಯತ್ಯಾಸ ಇದೆ ಪ್ರಸಾದ್. ನಂದಿನಿ ಎಂಬಲ್ಲಿ ಇನ್ನೊಬ್ಬರಿಗೆ ಸಂತೋಷ ಕೊಡುವವಳು ಎಂಬ ಅರ್ಥ ಮುಖ್ಯ. ಕುಲನಂದಿನಿ, ರಘುನಂದನ ಎನ್ನುವಾಗ ಕುಲಕ್ಕೆ, ರಘುವಂಶಕ್ಕೆ ಸಂತೋಷ ತಂದವರು ಎಂದು ತಾನೇ ತಿಳಿಯುತ್ತೇವೆ? ತನ್ನಲ್ಲಿ ಇರುವುದು ಬೇರೆ, ತಾನು ಮಾಡುವುದು ಬೇರೆ.

ನಳಿನಿ, ಬದಿಯಡ್ಕ
ನನ್ನ ಹೆಸರು ಇಲ್ಲಿ ಯಾರೂ ಎತ್ತಲಿಲ್ಲ! ನನ್ನ ತಂದೆ ನಳಿನಿ ಎಂದರೆ ತಾವರೆ ಅಂತಲೇ ಹೇಳಿಕೊಟ್ಟಿದ್ದರು. ಪದ್ಮಿನಿ ತಾವರೆ ಉಳ್ಳವಳು ಆದರೆ ನಾನೂ ತಾವರೆ ಉಳ್ಳವಳಾ? ಯಾರು ತಾವರೆ ಹಿಡಿದುಕೊಂಡವರು, ಲಕ್ಷ್ಮಿಯಾ?

ಮಾಷ್ಟ್ರು, ಅಡೂರು
ನಳಿನಿ, ಒಳ್ಳೆಯ ಪ್ರಶ್ನೆ. ತಾವರೆ "ಉಳ್ಳದ್ದು" ಯಾವುದು ಎಂದು ಕೇಳಿದರೆ ಹಳಬರ ಉತ್ತರ ಲಕ್ಷ್ಮಿ ಅಲ್ಲ, ಕೆರೆ. ಪಾಣಿನಿ ಪುಷ್ಕರ, ಪದ್ಮ, ಕುಮುದ ಮುಂತಾದ ಪದಗಳಿಗೆ ಈ ಇನ್ ಸೇರಿದಾಗ ಅದು ಜಾಗವನ್ನು ಹೇಳುತ್ತದೆ ಎಂದು ಬೇರೆಯಾಗಿಯೇ ಹೇಳಿದ್ದಾನೆ. ದೇವಸ್ಥಾನದ ಪುಷ್ಕರಿಣಿ ನಮಗೆಲ್ಲ ಗೊತ್ತು. ಪುಷ್ಕರ ಎಂದರೂ ತಾವರೆಯೇ. ತಾವರೆ ಇರುವ ಕೊಳ ಪುಷ್ಕರಿಣಿ. ಅದೇ ಅಚ್ಚಿನಲ್ಲಿ ಪದ್ಮಿನಿ, ನಲಿನೀ, ಕುಮುದಿನಿ. ಮೊದಲೆರಡು ತಾವರೆಗಳು ತುಂಬಿದ ಕೊಳ, ಕುಮುದಿನಿ ನೈದಿಲೆಗಳು ತುಂಬಿದ ಕೊಳ, ಅಥವಾ ಎಲೆ, ದಂಟು, ಹೂವು ಎಲ್ಲ ಸೇರಿದ ಇಡೀ ಬಳ್ಳಿ. ಒಂದೇ ಹೂವು ಬೇಕಾದರೆ ಪದ್ಮ, ನಲಿನ, ಕುಮುದ.

ಸಂಸ್ಕೃತದಲ್ಲಿ ಲಕಾರ, ನಾವು ಕನ್ನಡದಲ್ಲಿ ಳಕಾರ ಮಾಡಿದ್ದೇವೆ. ಅದು ನಮ್ಮ ರೂಢಿ, ತಿದ್ದಬೇಕಾಗಿಲ್ಲ. ನಿಮ್ಮ ತಂದೆ ಹೇಳಿದ್ದರಲ್ಲೂ ಹೂವು ಇದೆ, ಹೂವಿನ ಸುತ್ತ ಇಡೀ ಕೊಳವೂ ಇದೆ ಅಷ್ಟೇ.

ನಳಿನಿ, ಬದಿಯಡ್ಕ
ಕೊಳ! ಇದು ಇನ್ನೂ ಚೆನ್ನಾಗಿದೆ. ಅಮ್ಮನಿಗೆ ಈಗಲೇ ಫೋನ್ ಮಾಡುತ್ತೇನೆ.

ಸುಮಾ, ಮುಳ್ಳೇರಿಯ
ಹಾಗಾದರೆ ಪದ್ಮಿನಿಯಲ್ಲಿ ಹೂವೂ ನೀರೂ ಎರಡೂ ಬಂತಲ್ವಾ? ಅತ್ತೆಗೆ ಇದನ್ನು ಹೇಳಬೇಕು.

ರಮ್ಯಾ ಟೀಚರ್, ನೀಲೇಶ್ವರ
ಸುಮಾ, ಅತ್ತೆ ಮತ್ತು ಗಂಡನ ಜಗಳಕ್ಕೆ ಇನ್ನೊಂದು ದಾರಿ ಇದೆ. ನಮ್ಮ ಊರಿನ ಕಡೆ ಹರಿಯುವ ಕಾರ್ಯಂಕೋಡ್ ಹೊಳೆಗೆ ಇನ್ನೊಂದು ಹೆಸರೇ ತೇಜಸ್ವಿನಿ. ಅದೂ ಕೊಡಗಿನ ಕಾಡಿನಿಂದಲೇ ಇಳಿದು ಬರುವುದು. ನಮ್ಮ ಕಾಸರಗೋಡು ಜಿಲ್ಲೆಯ ಉತ್ತರದಲ್ಲಿ ಪಯಸ್ವಿನಿ, ದಕ್ಷಿಣದಲ್ಲಿ ತೇಜಸ್ವಿನಿ. ಹೆಸರಿನ ಕಟ್ಟು ಕೂಡ ಒಂದೇ. ಹೊಳೆಯ ಹೆಸರೂ ಆಯಿತು, ಬೆಳಕಿನ ಹೆಸರೂ ಆಯಿತು.

ಮಾಷ್ಟ್ರೇ, ಆದರೆ ತೇಜಸ್ ಎಂದರೆ ಬರೀ ಬೆಳಕಾ? ನನಗೆ ಸಂಶಯ ಇದೆ.

ಮಾಷ್ಟ್ರು, ಅಡೂರು
ಟೀಚರ್, ನಿಮ್ಮ ಸಂಶಯ ಸರಿ. ತೇಜಸ್ ಬಂದದ್ದು ತಿಜ್ ಎಂಬ ಧಾತುವಿನಿಂದ. ಅದರ ಅರ್ಥ ಹರಿತಮಾಡು, ಕತ್ತಿ ಮಸೆದ ಹಾಗೆ. ತೀಕ್ಷ್ಣ, ತಿಗ್ಮ ಇವೂ ಅದೇ ಬುಡದವು. ತೇಜಸ್ ಎಂದರೆ ಮೊದಲು ಹರಿತವಾದ ಅಂಚು, ಆಮೇಲೆ ಉರಿಯ ತುದಿ, ಅಲ್ಲಿಂದ ಕಾಂತಿ, ಪ್ರಭಾವ, ಶೌರ್ಯ. ತಂಪಾದ ಬೆಳದಿಂಗಳಿಗೆ ಯಾರೂ ತೇಜಸ್ಸು ಎನ್ನುವುದು ಕಡಿಮೆ. ಸೂರ್ಯನಿಗೆ, ಬೆಂಕಿಗೆ, ತಪಸ್ವಿಗಳ ಮುಖಕ್ಕೆ ಹೇಳುತ್ತೇವೆ. ಸುಮಾ, ನಿಮ್ಮ ಮನೆಯವರಿಗೆ ಇದನ್ನು ಹೇಳಿ. ಅವರಿಗೆ ಬೇಕಾದ್ದು ಇಂಥ ಬೆಳಕೋ, ತಣ್ಣನೆಯ ಬೆಳಕೋ? ತಣ್ಣನೆಯದು ಬೇಕಾದರೆ ಜ್ಯೋತ್ಸ್ನಾ, ಕೌಮುದಿ ಇವೆ.

ಅಭಿ, ಪೆರ್ಲ
ಜ್ಯೋತಿಸ್ವಿನಿ ಅಂತ ಇಡಬಹುದಲ್ವಾ? ಜ್ಯೋತಿಸ್ ಕೂಡ ಸಕಾರದಲ್ಲಿ ಮುಗಿಯುತ್ತದೆ. ಹೊಸ ಹೆಸರು, ಯಾರಿಗೂ ಇರಲ್ಲ.

ಮಾಷ್ಟ್ರು, ಅಡೂರು
ಅಭಿ, ಯೋಚನೆ ಚೆನ್ನಾಗಿದೆ, ಹೆಸರು ಮಾತ್ರ ಆಗುವುದಿಲ್ಲ. ವಿನ್ ಬರುವುದು "ಅಸ್" ಕೊನೆಗೆ. ಜ್ಯೋತಿಸ್ "ಇಸ್" ಕೊನೆಯದ್ದು. ಅದಕ್ಕೆ ಮತ್ ಸೇರುತ್ತದೆ, ಸಕಾರ ಷಕಾರ ಆಗುತ್ತದೆ. ಜ್ಯೋತಿಷ್ಮತಿ. ಅದು ಹಳೆಯ, ಸುಂದರವಾದ ಹೆಸರು. ಆಯುರ್ವೇದದಲ್ಲಿ ಒಂದು ಬಳ್ಳಿಯ ಹೆಸರೂ ಹೌದು. ಪ್ರಭಾ ಆಕಾರದಲ್ಲಿ ಮುಗಿಯುವುದರಿಂದ ಪ್ರಭಾವತಿ. ಎಲ್ಲಕ್ಕೂ "ಸ್ವಿನಿ" ಅಂಟಿಸಿದರೆ ಹೆಸರು ಕಿವಿಗೆ ಚೆಂದ ಕೇಳಬಹುದು, ಒಳಗೆ ಅರ್ಥ ಇರುವುದಿಲ್ಲ. ಈಚೆಗೆ ಬರುವ ಹಲವು ಹೆಸರುಗಳ ಕತೆ ಇದು.

ಅಭಿ, ಪೆರ್ಲ
ಅರ್ಥ ಇಲ್ಲದಿದ್ದರೇನಂತೆ? ಕರೆಯಲು ಚೆನ್ನಾಗಿದ್ದರೆ ಸಾಲದಾ? ನನ್ನ ಅಜ್ಜಿಯ ಹೆಸರು ದೇಯಿ. ಯಾರೂ ಸೂತ್ರ ನೋಡಿ ಇಟ್ಟದ್ದಲ್ಲ.

ರಮ್ಯಾ ಟೀಚರ್, ನೀಲೇಶ್ವರ
ಅಭಿ, ದೇಯಿ ತುಳುನಾಡಿನ ಹೆಸರು. ಕೋಟಿ ಚೆನ್ನಯರ ತಾಯಿಯ ಹೆಸರು. ಅದಕ್ಕೆ ಅದರದೇ ಆದ ಬೇರು ಇದೆ. ಮಾಷ್ಟ್ರು ಹೇಳುತ್ತಿರುವುದು ಸಂಸ್ಕೃತದ ವೇಷ ಹಾಕಿದ, ಬೇರೇ ಇಲ್ಲದ ಹೆಸರುಗಳ ಬಗ್ಗೆ.

ಗಣೇಶ, ಕುಂಬಳೆ
ಆದರೂ ಹಸು ಅಂತ ಅರ್ಥ ಇರುವ ಹೆಸರು ಹೆಣ್ಣುಮಗುವಿಗೆ ಬೇಕಾ? ನಾಳೆ ಶಾಲೆಯಲ್ಲಿ ಯಾರಾದರೂ ಹುಡುಕಿ ತಮಾಷೆ ಮಾಡಿದರೆ? ಮಕ್ಕಳಿಗೆ ಮೊಬೈಲು ಕೈಯಲ್ಲೇ ಇದೆ.

ಪ್ರಸಾದ್, ನೀರ್ಚಾಲು
ಗಣೇಶಣ್ಣ, ನಂದಿನಿ ಕೂಡ ವಸಿಷ್ಠರ ಹಸುವಿನ ಹೆಸರು. ಊರ ತುಂಬ ನಂದಿನಿಯರು ಇದ್ದಾರೆ. ಮುಲ್ಕಿಯ ಕಡೆ ನಂದಿನಿ ಎಂಬ ಹೊಳೆಯೂ ಇದೆ. ಯಾರಾದರೂ ತಮಾಷೆ ಮಾಡಿದ್ದು ಕೇಳಿದ್ದೀರಾ?

ಗಣೇಶ, ಕುಂಬಳೆ
ಅದು ದೇವರ ಹಸು. ಇದು ಬರೀ ಹಾಲು ಕೊಡುವ ಹಸು. ನನಗೆ ಸರಿ ಕಾಣುವುದಿಲ್ಲ. ನಿಮ್ಮಿಷ್ಟ.

ಮಂಜು, ಹೊಸೂರು
ನಾನು ತಮಿಳುನಾಡಿನ ಗಡಿಯ ಕನ್ನಡಿಗ. ನಿಮ್ಮ ಪಯಸ್ವಿನಿ ಓದಿ ಒಂದು ಮಾತು ಹೇಳಬೇಕು ಅನಿಸಿತು. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ದ್ರಾವಿಡ ದೇಶದ ನದಿಗಳ ಸಾಲು ಬರುತ್ತದೆ. ತಾಮ್ರಪರ್ಣಿ, ಕೃತಮಾಲಾ, ಪಯಸ್ವಿನಿ, ಕಾವೇರಿ. ನಮ್ಮ ಕಡೆಯವರು ಅಲ್ಲಿನ ಪಯಸ್ವಿನಿ ಎಂದರೆ ಪಾಲಾರ್ ಎನ್ನುತ್ತಾರೆ. ನಂದಿಬೆಟ್ಟದ ಕಡೆ ಹುಟ್ಟಿ ಆಂಧ್ರದ ಕುಪ್ಪಂ ದಾಟಿ ತಮಿಳುನಾಡಿಗೆ ಬರುವ ನದಿ. ಪಾಲ್ ಎಂದರೆ ಹಾಲು, ಆರು ಎಂದರೆ ಹೊಳೆ. ಸಂಸ್ಕೃತದ ಹೆಸರೂ ತಮಿಳಿನ ಹೆಸರೂ ಒಂದೇ ಅರ್ಥ ಕೊಡುತ್ತವೆ.

ಗಣೇಶ, ಕುಂಬಳೆ
ಇಲ್ಲ ಇಲ್ಲ. ಭಾಗವತದ ಪಯಸ್ವಿನಿ ನಮ್ಮದೇ. ಹೆಸರು ಇವತ್ತಿಗೂ ಪಯಸ್ವಿನಿ ಅಂತಲೇ ಉಳಿದಿರುವುದು ಇಲ್ಲಿ ತಾನೇ?

ಮಂಜು, ಹೊಸೂರು
ಹೆಸರು ಉಳಿದದ್ದೇ ಸಾಕ್ಷಿ ಆದರೆ ಚಿತ್ರಕೂಟದಲ್ಲೂ ಪಯಸ್ವಿನಿ ಇದೆ ಅಣ್ಣ. ಆದರೆ ಆ ಶ್ಲೋಕ ಹೇಳುವುದು ದ್ರಾವಿಡ ದೇಶದ ಬಗ್ಗೆ, ಜತೆಗಿರುವ ತಾಮ್ರಪರ್ಣಿ, ಕಾವೇರಿ ಎರಡೂ ತಮಿಳುನಾಡಿನಲ್ಲಿ ಹರಿಯುವವು. ಕೃತಮಾಲಾ ಎಂದರೆ ಮದುರೆಯ ವೈಗೈ ಎನ್ನುತ್ತಾರೆ.

ಗಣೇಶ, ಕುಂಬಳೆ
ಕಾವೇರಿ ಹುಟ್ಟುವುದು ಎಲ್ಲಿ? ಕೊಡಗಿನಲ್ಲಿ. ಪಯಸ್ವಿನಿ ಹುಟ್ಟುವುದು ಎಲ್ಲಿ? ಅದೇ ಕೊಡಗಿನಲ್ಲಿ. ಶ್ಲೋಕದಲ್ಲಿ ಎರಡೂ ಪಕ್ಕಪಕ್ಕ ಬಂದಿವೆ ಅಂತ ನೀವೇ ಹೇಳಿದಿರಿ.

ಮಾಷ್ಟ್ರು, ಅಡೂರು
ಈ ವಾದ ಇಲ್ಲಿ ಮುಗಿಯುವಂಥದ್ದಲ್ಲ. ಹಾಲಿನ ಹಾಗೆ ಹರಿಯುವ ಹೊಳೆಗೆ ಯಾವ ಊರಿನವರಾದರೂ ಈ ಹೆಸರಿಡಬಹುದು. ನಮ್ಮ ಹೊಳೆಯನ್ನೇ ನೋಡಿ. ಸುಳ್ಯದಲ್ಲಿ ಪಯಸ್ವಿನಿ, ಅಡೂರಿನಲ್ಲಿ ಪಯಸ್ವಿನಿ, ಸಮುದ್ರದ ಹತ್ತಿರ ಬರುವಾಗ ಚಂದ್ರಗಿರಿ ಹೊಳೆ.

ರಮ್ಯಾ ಟೀಚರ್, ನೀಲೇಶ್ವರ
ಮಲಯಾಳದಲ್ಲಿ ಚಂದ್ರಗಿರಿಪ್ಪುಳ. ಹಳಬರು ತುಳುನಾಡಿಗೂ ಮಲಯಾಳಕ್ಕೂ ಈ ಹೊಳೆಯೇ ಗಡಿ ಎನ್ನುತ್ತಿದ್ದರು. ದಡದ ಮೇಲಿನ ಕೋಟೆ ಕೆಳದಿಯ ಶಿವಪ್ಪ ನಾಯಕನದು. ಅದು ಬೇರೆ ಚರ್ಚೆ, ಇಲ್ಲಿ ಬೇಡ.

ಚೈತ್ರಾ, ಮಂಜೇಶ್ವರ
ನಾನು ಭಾಷಾವಿಜ್ಞಾನ ಓದುತ್ತಿದ್ದೇನೆ. ಪಯಸ್ ಬಗ್ಗೆ ಒಂದು ಸೇರಿಸಬಹುದಾ? ನಮ್ಮ ವ್ಯಾಕರಣದವರು "ಕುಡಿಯುವುದು" ಎಂಬ ಧಾತುವಿನಿಂದ ಪಯಸ್ ಬಿಡಿಸುತ್ತಾರೆ, ಕುಡಿಯುವಂಥದ್ದು ಪಯಸ್. ಆದರೆ ವೇದದ ಭಾಷೆ ನೋಡಿದ ಈಚಿನ ವಿದ್ವಾಂಸರು ಪೀ ಎಂಬ ಧಾತು ಹೇಳುತ್ತಾರೆ. ಅದರ ಅರ್ಥ ಉಬ್ಬು, ತುಂಬಿಕೊಳ್ಳು. ಪೀನ ಎಂದರೆ ದಪ್ಪ, ತುಂಬಿದ್ದು, ಅದೂ ಅಲ್ಲಿಂದಲೇ. ಕೆಚ್ಚಲು ತುಂಬುವುದು, ಮಳೆಗಾಲದಲ್ಲಿ ಹೊಳೆ ಉಬ್ಬುವುದು ಎರಡಕ್ಕೂ ಇದು ಚೆನ್ನಾಗಿ ಹೊಂದುತ್ತದೆ. ಆಗ ಹಸುವೂ ಹೊಳೆಯೂ ಒಂದೇ ಹೆಸರು ಪಡೆದದ್ದು ಸಹಜ ಅನಿಸುತ್ತದೆ.

ಮಾಷ್ಟ್ರು, ಅಡೂರು
ಚೈತ್ರಾ, ನಾನು ಕಲಿತದ್ದು ಕುಡಿಯುವ ಧಾತು. ಅದನ್ನು ಬಿಡಲು ನನಗೆ ಕಾರಣ ಕಾಣುವುದಿಲ್ಲ, ಹಾಲು ನೀರು ಎರಡೂ ಕುಡಿಯುವುದೇ. ಆದರೆ ಪೀನದ ಮಾತು ವಿಚಾರ ಮಾಡಬೇಕಾದ್ದೇ.

ಸುಮಾ, ಮುಳ್ಳೇರಿಯ
ಎಷ್ಟು ಹೊಸ ವಿಷಯ ತಿಳಿಯಿತು! ಒಂದು ಸಣ್ಣ ಪ್ರಶ್ನೆ. ಒಂದು ಜಾಲತಾಣದಲ್ಲಿ "ತೇಜಸ್ವಿಣಿ" ಅಂತ ಣಕಾರದಲ್ಲಿ ಇದೆ. ತರಂಗಿಣಿಗೆ ಣಕಾರ ಇದೆ, ರುಕ್ಮಿಣಿಗೆ ಇದೆ. ಹಾಗಾದರೆ ಯಾವುದು ಸರಿ?

ಮಾಷ್ಟ್ರು, ಅಡೂರು
ತೇಜಸ್ವಿನಿ, ಪಯಸ್ವಿನಿ, ಪದ್ಮಿನಿ, ಮೂರಕ್ಕೂ ನಕಾರವೇ. ಪದದಲ್ಲಿ ಮೊದಲು ರಕಾರವೋ, ಋಕಾರವೋ, ಷಕಾರವೋ ಇದ್ದರೆ ಮಾತ್ರ ಮುಂದಿನ ನಕಾರ ಣಕಾರ ಆಗುತ್ತದೆ. ತರಂಗಿಣಿ, ರುಕ್ಮಿಣಿ, ಪುಷ್ಕರಿಣಿ, ರೋಹಿಣಿ ಎಲ್ಲದರಲ್ಲೂ ಅದು ಇದೆ, ನೋಡಿ. ನಡುವೆ ಚಕಾರ, ಟಕಾರ, ತಕಾರದ ಸಾಲಿನ ಅಕ್ಷರ ಬಂದರೆ, ಅಥವಾ ಲ, ಶ, ಸ ಬಂದರೆ ಬದಲಾವಣೆ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ರಂಜಿನಿ, ರಂಜಿಣಿ ಅಲ್ಲ. ಹೊಳೆ ಎಂಬರ್ಥದ ಸ್ರೋತಸ್ವಿನಿಯಲ್ಲಿ ರಕಾರ ಇದ್ದರೂ ನಡುವೆ ತಕಾರ ಬಂತು, ನಕಾರ ಉಳಿಯಿತು. ತೇಜಸ್ವಿಣಿ ಎಂದು ಬರೆದ ಜಾಲತಾಣ ಹೇಳುವ ಅರ್ಥವನ್ನೂ ನಂಬಬೇಡಿ. ಬರೆದವರು ಪದ ಬಿಡಿಸಿ ನೋಡಿಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ.

ರಮ್ಯಾ ಟೀಚರ್, ನೀಲೇಶ್ವರ
ಇನ್ನೊಂದು ಎಚ್ಚರಿಕೆ, ಇದು ನಮ್ಮ ಗಡಿಯವರಿಗೆ. ಇಂಗ್ಲಿಷ್ ಸ್ಪೆಲಿಂಗ್ ಈಗಲೇ ನಿಶ್ಚಯ ಮಾಡಿ. ಕೇರಳದಲ್ಲಿ ತಕಾರಕ್ಕೆ Th ಬರೆಯುವ ರೂಢಿ ಜಾಸ್ತಿ, ಹಾಗೆ ಬರೆದರೆ Thejaswini. ಕರ್ನಾಟಕದ ನೆಂಟರು Tejaswini, Tejasvini ಎಂದೂ ಬರೆಯುತ್ತಾರೆ. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಒಂದು ಆದರೆ ಮುಂದೆ ಮಂಗಳೂರಿನ ಕಾಲೇಜಿಗೆ ಸೇರಿಸುವಾಗ ಓಡಾಟ ತಪ್ಪುವುದಿಲ್ಲ. ನನ್ನ ವಿದ್ಯಾರ್ಥಿನಿಯರಲ್ಲಿ ಇದು ನೋಡಿದ್ದೇನೆ. ಪಯಸ್ವಿನಿಗೆ ಈ ತೊಂದರೆ ಕಡಿಮೆ, sv ಬೇಕೋ sw ಬೇಕೋ ಅಷ್ಟೇ. ಅವಸರವೂ ಬೇಡ. ಜನನ 21 ದಿನದೊಳಗೆ ನೋಂದಾಯಿಸಿದರೆ ಸಾಕು, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ನಳಿನಿ, ಬದಿಯಡ್ಕ
ಹೂವಿನ ಹೆಸರು ಹುಡುಕುವಾಗ ಪುಷ್ಪಿಣಿ ಅಂತಲೂ ಕಂಡಿತು. ಅದು ಹೇಗೆ?

ಚೈತ್ರಾ, ಮಂಜೇಶ್ವರ
ಅದು ಬೇಡ ಅಕ್ಕ. ಸಂಸ್ಕೃತದಲ್ಲಿ ಪುಷ್ಪಿಣಿ, ಪುಷ್ಪವತಿ ಎಂದರೆ ಹೂಬಿಟ್ಟ ಬಳ್ಳಿ ಎಂಬುದರ ಜತೆ ಮುಟ್ಟಾದ ಹೆಂಗಸು ಎಂಬ ಅರ್ಥವೂ ಗಟ್ಟಿಯಾಗಿ ನಿಂತಿದೆ. ಪದ ಬಿಡಿಸಿದರೆ ಹೂವುಳ್ಳವಳು ಅಂತಲೇ ಸಿಗುತ್ತದೆ. ಬಳಕೆಯಲ್ಲಿ ಬೇರೆ. ಬರೀ ಧಾತು ನೋಡಿದರೆ ಸಾಲದು, ನಿಘಂಟನ್ನೂ ತೆರೆಯಬೇಕು.

ಪ್ರಸಾದ್, ನೀರ್ಚಾಲು
ನಮ್ಮ ದೊಡ್ಡಮ್ಮನ ಹೆಸರು ಪುಷ್ಪಾವತಿ. ಊರಲ್ಲಿ ಯಾರೂ ಆ ಅರ್ಥ ಯೋಚಿಸಿದ್ದಿಲ್ಲ. ಎಲ್ಲರೂ ಗೌರವದಿಂದ ಕರೆಯುತ್ತಾರೆ.

ಚೈತ್ರಾ, ಮಂಜೇಶ್ವರ
ಇಟ್ಟ ಹೆಸರನ್ನು ಯಾರೂ ಬದಲಿಸಬೇಕಿಲ್ಲ ಅಣ್ಣ. ಹೊಸದಾಗಿ ಇಡುವವರಿಗೆ ಗೊತ್ತಿರಲಿ ಎಂದೆ.

ಮಾಷ್ಟ್ರು, ಅಡೂರು
ಹೂವೂ ಹೊಳೆಯೂ ಒಟ್ಟಿಗೆ ಬೇಕಾದರೆ ಮಾಲಿನಿ ಇದೆ. ಮಾಲೆ ಧರಿಸಿದವಳು. ಕಣ್ವರ ಆಶ್ರಮ ಇದ್ದದ್ದು ಮಾಲಿನಿ ನದಿಯ ದಡದಲ್ಲಿ ಎಂದು ಮಹಾಭಾರತ ಹೇಳುತ್ತದೆ, ಶಕುಂತಲೆ ಬೆಳೆದದ್ದು ಅಲ್ಲೇ. ಕಟ್ಟು ಪದ್ಮಿನಿಯದ್ದೇ, ಮಾಲಾ ಮತ್ತು ಇನ್.

ಸುಮಾ, ಮುಳ್ಳೇರಿಯ
ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಇವರಿಗೆ ತೇಜಸ್ಸಿನ ಹರಿತದ ಅರ್ಥ ಇನ್ನೂ ಇಷ್ಟವಾಯಿತು, ಹಟ ಜಾಸ್ತಿ ಆಗಿದೆ. ಅತ್ತೆ ಮಾತ್ರ, ನೀಲೇಶ್ವರದ ಹೊಳೆ ನಮ್ಮ ಹೊಳೆ ಅಲ್ಲ, ನಾವು ಕುಡಿದು ಬೆಳೆದದ್ದು ಪಯಸ್ವಿನಿಯ ನೀರು ಎನ್ನುತ್ತಾರೆ. ಅಮ್ಮ ಪದ್ಮಿನಿ ಬಿಟ್ಟು ಮಾಲಿನಿಗೆ ಒಪ್ಪಿದ್ದಾರೆ. ನನಗೆ ಪಯಸ್ವಿನಿಯ ಕಡೆಗೇ ಮನಸ್ಸು. ಮಾಷ್ಟ್ರೇ, ಮನೆಯಲ್ಲಿ ಕರೆಯಲು "ಪಯಸ್ವಿ" ಅಂದರೆ ತಪ್ಪಾಗುತ್ತದಾ?

ಮಾಷ್ಟ್ರು, ಅಡೂರು
ಪಯಸ್ವೀ ಎಂದರೆ ಗಂಡು ರೂಪ ಆಗುತ್ತದೆ ಸುಮಾ, ತೇಜಸ್ವಿ, ಯಶಸ್ವಿ ಹಾಗೆ. ಕಾಗದಪತ್ರದಲ್ಲಿ ಬೇಡ. ಮನೆಯೊಳಗೆ ಕರೆಯಲು ಏನೂ ಅಡ್ಡಿಯಿಲ್ಲ.

ಅಭಿ, ಪೆರ್ಲ
"ಪಯೂ" ಅಂತ ಕರೆಯಿರಿ ಅಕ್ಕ. ಅದಕ್ಕೆ ಸೂತ್ರ ಬೇಡ.